ಸೋಮವಾರದ ಹನ್ನೆರಡು ನಿಮಿಷ

ಸೋಮವಾರ ರಾಹುಕಾಲ ಬೆಳಗ್ಗೆ ಏಳೂವರೆಯಿಂದ ಒಂಬತ್ತು. ಇದನ್ನು ತಿಳಿಯಲು ನಮ್ಮ ಕಡೆ ಯಾರೂ ಪಂಚಾಂಗ ಬಿಚ್ಚುವುದಿಲ್ಲ. ಅಮ್ಮನಿಗೆ ಏಳು ದಿನದ್ದೂ ಬಾಯಿಪಾಠವಾಗಿತ್ತು. ಆ ಹೊತ್ತಿನಲ್ಲೇ ಯಾರಾದರೂ ಊರಿಗೆ ಹೊರಡಬೇಕಾಗಿ ಬಂದರೆ ಅವಳು ಏಳು ಗಂಟೆಗೇ ಅವರ ಚೀಲವನ್ನು ಎದುರುಮನೆಯ ಜಗುಲಿಯ ಮೇಲೆ ಇಟ್ಟು ಬರುತ್ತಿದ್ದಳು. "ಚೀಲ ಹೊರಟಾಯ್ತು. ನೀನಿನ್ನು ನಿಧಾನಕ್ಕೆ ಹೋಗು" ಅನ್ನುತ್ತಿದ್ದಳು. ಚೀಲ ಹೊರಟ ಹೊತ್ತೇ ಮನುಷ್ಯ ಹೊರಟ ಹೊತ್ತು. ನಾನು ಮಾಡಿದ ತಪ್ಪಿನ ಬೇರು ಅಲ್ಲಿದೆ. ಆದರೆ ಅಮ್ಮ ಸರಿಸಿದ್ದು ಚೀಲವನ್ನು. ನಾನು ಸರಿಸಿದ್ದು ಗಡಿಯಾರವನ್ನು.

ಹೊಸಕೋಟೆಯಿಂದ ಸೂಲಿಬೆಲೆಗೆ ಹೋಗುವ ರಸ್ತೆಯಲ್ಲಿ ನಮ್ಮ ಔಷಧಿ ಗೋಡೌನು. ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಮೊದಲು ಲೋಡಿಂಗ್ ಮಾಡುತ್ತಿದ್ದೆ, ಆಮೇಲೆ ಗಾಡಿ ಕಳಿಸುವ ಬಾಗಿಲ ಉಸ್ತುವಾರಿ ಕೊಟ್ಟರು. ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬಂದು ಬೀಗ ತೆಗೆಯುವುದು, ದೀಪ ಹಾಕುವುದು, ಕಂಪ್ಯೂಟರು ಚಾಲೂ ಇದೆಯಾ ನೋಡುವುದು ನನ್ನ ಕೆಲಸ. ತಂಗಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಪಿಯುಸಿ ಮುಗಿಸಿ ಕಂಪ್ಯೂಟರು ಕಲಿತಿದ್ದಳು. ಮ್ಯಾನೇಜರನ್ನು ಕೇಳಿ ಅವಳನ್ನು ಅಲ್ಲಿ ಸೇರಿಸಿದವನು ನಾನೇ. ಪೆಟ್ಟಿಗೆಗಳ ಮೇಲಿನ ಬಾರ್‌ಕೋಡ್ ಪಟ್ಟಿಗೆ ಕೆಂಪು ದೀಪ ಹಿಡಿದು ಓದಿಸುವುದು, ಒಂದು ಗಾಡಿ ತುಂಬಿದ ಮೇಲೆ ಗೇಟ್‌ಪಾಸ್ ಚೀಟಿ ತೆಗೆಯುವುದು ಅವಳ ಕೆಲಸ. ಚೀಟಿ ತೆಗೆದ ಕ್ಷಣಕ್ಕೆ ಆ ಗಾಡಿಯ ಅಷ್ಟೂ ಪೆಟ್ಟಿಗೆ ಹೊರಗೆ ಹೋಯಿತು ಎಂದು ಕಂಪ್ಯೂಟರಿನಲ್ಲಿ ದಾಖಲಾಗುತ್ತಿತ್ತು, ಗಂಟೆ ನಿಮಿಷದ ಸಮೇತ.

ಆ ದಾಖಲೆ ಕೂರುತ್ತಿದ್ದದ್ದು ಅವಳ ಮೇಜಿನ ಕೆಳಗಿದ್ದ ಕಪ್ಪು ಪೆಟ್ಟಿಗೆಯಲ್ಲಿ. ಅದನ್ನು ಎಲ್ಲರೂ ಸರ್ವರ್ ಅನ್ನುತ್ತಿದ್ದರು. ಬೆಂಗಳೂರಿನ ಹೆಡ್ಡಾಫೀಸಿನಲ್ಲಿ ಇನ್ನೊಂದು ದೊಡ್ಡ ಸರ್ವರ್ ಇತ್ತು. ಅದು ಅರ್ಧ ಗಂಟೆಗೊಮ್ಮೆ ನಮ್ಮದರ ಹತ್ತಿರ ಬಂದು ಹೊಸದಾಗಿ ಬರೆದದ್ದನ್ನು ನಕಲು ಮಾಡಿಕೊಂಡು ಹೋಗುತ್ತದೆ ಎಂದಷ್ಟೇ ನನಗೆ ಗೊತ್ತಿತ್ತು. ಹೊಸದು ಯಾವುದು ಎಂದು ಅದಕ್ಕೆ ಹೇಗೆ ತಿಳಿಯುತ್ತದೆ ಎಂದು ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ.

ನಮ್ಮ ಐದು ಗಾಡಿಗಳಲ್ಲಿ ಮೊದಲನೆಯದು ಐವತ್ತು ದಾಟಿದ ಡ್ರೈವರೊಬ್ಬನದು, ನಂದಗುಡಿ ಕಡೆಯವನು. ಒಂದು ಸೋಮವಾರ ಏಳು ನಲವತ್ತೊಂದರ ಚೀಟಿ ಹಿಡಿದು ಹೊರಟವನು ದೇವನಹಳ್ಳಿ ರಸ್ತೆಯಲ್ಲಿ ಟಿಪ್ಪರಿಗೆ ಗುದ್ದಿದ. ಕಾಲು ಮುರಿಯಿತು. ಪೊಲೀಸ್ ಕಾಗದದ ಜೊತೆ ಆ ಚೀಟಿಯೂ ಸೇರಿತು, ಅವನ ಮನೆಯವರೆಲ್ಲ ಅದನ್ನು ಓದಿದರು. ಕಾಲು ಕೂಡಿ ಕೆಲಸಕ್ಕೆ ಬಂದ ಮೊದಲ ಸೋಮವಾರವೇ ಗಾಡಿಯ ಬಾಗಿಲಿಗೆ ಒರಗಿ ನಿಂತುಬಿಟ್ಟ.

"ಚೀಟಿ ಮೇಲೆ ರಾಹುಕಾಲ ಬಿದ್ರೆ ನಾನು ಗಾಡಿ ಎತ್ತಲ್ಲ ಗುರು. ಒಂಬತ್ತಕ್ಕೆ ಹೊರಡ್ತೀನಿ."

"ಐಸ್ ಹಾಕಿರೋ ಇನ್ಸುಲಿನ್ ಅಣ್ಣ ಅದು, ಒಂಬತ್ತರ ತನಕ ಇಲ್ಲೇ ನಿಂತ್ರೆ ಹೆಂಗೆ?"

"ಐಸ್ ಕರಗಿದ್ರೆ ಹೊಸಾ ಐಸ್ ಹಾಕ್ಬೋದು. ನನ್ನ ಇನ್ನೊಂದು ಕಾಲು ಹೋದ್ರೆ ನೀನು ಕೊಡ್ತೀಯಾ?"

ಉಳಿದವರು ನಕ್ಕರು. ಆದರೆ ಮುಂದಿನ ವಾರ ಇನ್ನೊಬ್ಬನೂ ಅದೇ ರಾಗ ತೆಗೆದ. ಮ್ಯಾನೇಜರು ನನ್ನನ್ನು ಕರೆದು, "ಸೋಮವಾರ ಗಾಡಿ ಲೇಟಾದ್ರೆ ನಿನ್ನನ್ನೇ ಕೇಳೋದು" ಎಂದರು. ಏಳೂವರೆಗೆ ಮುಂಚೆ ತುಂಬಿ ಮುಗಿಸೋಣವೆಂದರೆ ಎಷ್ಟು ಒದ್ದಾಡಿದರೂ ಮೊದಲ ಗಾಡಿ ತಯಾರಾಗುವಾಗ ಏಳು ಮೂವತ್ತೈದು ಆಗುತ್ತಿತ್ತು. ಐದು ನಿಮಿಷಕ್ಕೆ ರಾಹು ಬಾಯಿ ಹಾಕುತ್ತಿದ್ದ.

ಹಿಂದೊಮ್ಮೆ ಕರೆಂಟು ಹೋಗಿ ಬಂದಾಗ ಕಂಪ್ಯೂಟರಿನ ಗಡಿಯಾರ ಕೆಟ್ಟಿತ್ತು. ರಿಪೇರಿಯವನು ಪರದೆಯ ಮೂಲೆಯ ಗಂಟೆಯನ್ನು ಒತ್ತಿ ಅದನ್ನು ಸರಿಮಾಡಿದ್ದನ್ನು ನಾನು ಹಿಂದೆ ನಿಂತು ನೋಡಿದ್ದೆ. ತಾನಾಗಿ ಸಮಯ ಹೊಂದಿಸಿಕೊಳ್ಳುವುದನ್ನು ಎಲ್ಲಿ ನಿಲ್ಲಿಸಬೇಕು ಎಂಬುದೂ ಕಣ್ಣಿಗೆ ಬಿದ್ದಿತ್ತು. ಪಾಸ್‌ವರ್ಡ್ ಅನ್ನುವ ಗುಟ್ಟಿನ ಪದವನ್ನು ಕಪ್ಪು ಪೆಟ್ಟಿಗೆಯ ಮೇಲೇ ಚೀಟಿ ಅಂಟಿಸಿ ಬರೆದಿದ್ದರು. ಮುಂದಿನ ಸೋಮವಾರ ಎಲ್ಲರಿಗಿಂತ ಮುಂಚೆ ಬಂದವನು ಗಡಿಯಾರವನ್ನು ಹನ್ನೆರಡು ನಿಮಿಷ ಹಿಂದಕ್ಕೆ ಇಟ್ಟೆ. ಏಳು ಮೂವತ್ತೇಳಕ್ಕೆ ತೆಗೆದ ಚೀಟಿಯ ಮೇಲೆ ಏಳು ಇಪ್ಪತ್ತೈದು ಎಂದು ಬಂತು. ಡ್ರೈವರು ಚೀಟಿ ಓದಿದ, ಕಣ್ಣಿಗೊತ್ತಿಕೊಂಡ, ಹೊರಟ. ಅವನ ಜೇಬಿನಲ್ಲೂ ಫೋನಿತ್ತು. ಅವನು ಅದನ್ನು ತೆಗೆದು ನೋಡಲಿಲ್ಲ. ನೋಡಬಾರದೆಂದೇ ನೋಡಲಿಲ್ಲ ಅನ್ನಿಸುತ್ತದೆ. ಒಂಬತ್ತಾದ ಮೇಲೆ ತಂಗಿ ತಿಂಡಿಗೆ ಎದ್ದಾಗ ಗಡಿಯಾರವನ್ನು ಮತ್ತೆ ಸರಿಯಿಟ್ಟೆ. ಚೀಲ ಹೊರಟಾಯ್ತು ಎಂದು ಮನಸ್ಸಿನಲ್ಲೇ ಅಂದುಕೊಂಡು ನಕ್ಕಿದ್ದೆ.

ಹೀಗೆ ಮೂರು ತಿಂಗಳ ಸೋಮವಾರಗಳು ಕಳೆದವು.

ಒಂದು ದಿನ ಹೆಡ್ಡಾಫೀಸಿನಿಂದ ಒಂದು ಆಸ್ಪತ್ರೆಗೆ ಇನ್ಸುಲಿನ್ ಕಳಿಸಿ ಎಂದು ಆರ್ಡರು ಬಂತು. ಶೀತಲ ಕೋಣೆಯ ಆ ಕಪಾಟು ಖಾಲಿಯಿತ್ತು. ಫೋನಿನಲ್ಲಿ ಅವರು, "ನಮ್ಮಲ್ಲಿ ಮೂವತ್ತೆರಡು ಪೆಟ್ಟಿಗೆ ಇದೆ ಅಂತ ತೋರಿಸ್ತಾ ಇದೆ" ಎಂದರು. ತಂಗಿ, "ಇಲ್ಲ ಸಾರ್, ಅದು ಆಗ್ಲೇ ಹೋಗಿದೆ, ನಮ್ಮಲ್ಲಿ ಎಂಟ್ರಿ ಇದೆ" ಎಂದಳು. ಎರಡು ದಿನದಲ್ಲಿ ಅಲ್ಲಿಂದ ತಪಾಸಣೆಯವರೊಬ್ಬರು ಬಂದರು. ಮಾತು ಕಡಿಮೆ, ಕನ್ನಡಕ ಹಣೆಯ ಮೇಲೆ. ತಂಗಿಯ ಕುರ್ಚಿಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡರು. ಅವರು ಕೂತ ದಿನದಿಂದ ನಾನು ಗಡಿಯಾರದ ತಂಟೆಗೆ ಹೋಗಲಿಲ್ಲ. ಡ್ರೈವರನ್ನು ಕಾಡಿ ಬೇಡಿ, ಮಂತ್ರಿಸಿದ ನಿಂಬೆಹಣ್ಣು ಕಟ್ಟಿಸಿ ಕಳಿಸುತ್ತಿದ್ದೆ. ಆಗ ನನಗೆ ಗಡಿಯಾರಕ್ಕೂ ಕಾಣೆಯಾದ ಪೆಟ್ಟಿಗೆಗಳಿಗೂ ಸಂಬಂಧ ಕಂಡಿರಲಿಲ್ಲ. ಮಾಡಬಾರದ್ದನ್ನು ಮಾಡಿದವನ ಹೆದರಿಕೆ, ಅಷ್ಟೆ.

ಒಂದು ವಾರಕ್ಕೆ ಅವರು ಎರಡು ಪಟ್ಟಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಹರಡಿ ಮ್ಯಾನೇಜರನ್ನೂ ತಂಗಿಯನ್ನೂ ಕರೆದರು. ನಾನು ಬಾಗಿಲಲ್ಲಿ ನಿಂತಿದ್ದೆ.

"ನೋಡಮ್ಮಾ, ಇಲ್ಲಿ ಈ ಗಾಡಿ ಏಳು ಇಪ್ಪತ್ತೈದಕ್ಕೆ ಹೋಗಿದೆ ಅಂತ ಬರೆದಿದೆ. ನಮ್ಮ ಸರ್ವರ್ ಏಳೂವರೆಗೆ ಬಂದು ಅಲ್ಲೀತನಕದ್ದೆಲ್ಲ ತಗೊಂಡು ಹೋಗಿದೆ. ಇದು ಮಾತ್ರ ಅದಕ್ಕೆ ಸಿಕ್ಕಿಲ್ಲ. ಯಾಕೆ ಸಿಕ್ಕಿಲ್ಲ?"

"ಗೊತ್ತಿಲ್ಲ ಸಾರ್."

"ನಾನು ಹೇಳ್ತೀನಿ. ಏಳೂವರೆಗೆ ಇದು ಇರ್ಲೇ ಇಲ್ಲ. ಆಮೇಲೆ ಯಾರೋ ಪೆಟ್ಟಿಗೆ ಮಾರ್ಕೊಂಡು, ಗಾಡೀಲಿ ಹೋಯ್ತು ಅಂತ ಹಿಂದಿನ ಟೈಮ್ ಹಾಕಿ ಸೇರಿಸಿದ್ದಾರೆ. ಎಲ್ಲ ಸೋಮವಾರದ್ದೇ. ಎಲ್ಲ ನಿನ್ನ ಪಾಳಿದೇ. ಬಹಳ ಸಲ ಮೊದಲನೇ ಗಾಡೀದೇ. ನಾನು ಬಂದು ಕೂತ್ಮೇಲೆ ಒಂದೂ ಇಲ್ಲ!"

ತಂಗಿ ಪಟ್ಟಿಯನ್ನೇ ನೋಡುತ್ತಿದ್ದಳು. ಅವಳ ಕಿವಿ ಕೆಂಪಾಗಿತ್ತು. ಔಷಧಿ ಮುಟ್ಟಿದ್ದಕ್ಕೆ ಅಂಗಡಿಗಳವರ ಸಹಿಯ ರಸೀದಿ ಇದೆಯಲ್ಲ ಎಂದಳು. "ರಸೀದಿ ತರೋನು ಯಾರು? ಅದೇ ಡ್ರೈವರು" ಎಂದರು ಅವರು.

ಆ ಮಧ್ಯಾಹ್ನದಿಂದ ಗೋಡೌನಿನ ಗಾಳಿಯೇ ಬೇರೆಯಾಯಿತು. ಹೋಗುವಾಗ ಹೆಂಗಸರ ಊಟದ ಡಬ್ಬಿಯನ್ನೂ ಬಿಚ್ಚಿಸಿದರು. ಡ್ರೈವರೂ ತಂಗಿಯೂ ಸೇರಿಕೊಂಡು ಮಾಡಿದ್ದು ಎಂದು ಟೀ ಅಂಗಡಿಯಲ್ಲಿ ಮಾತಾಯಿತು. "ಅಣ್ಣ ಬಾಗಿಲು ಕಾಯ್ತಾನೆ, ತಂಗಿ ಚೀಟಿ ಬರೀತಾಳೆ. ಇನ್ನೇನ್ ಬೇಕು ಗುರು, ಮನೇನೇ ಗೋಡೌನು" ಎಂದು ಲೋಡಿಂಗಿನ ಒಬ್ಬ ನನಗೆ ಕೇಳಿಸುವಂತೆಯೇ ಅಂದ. ನಾನು ಟೀ ಲೋಟ ಇಟ್ಟು ಎದ್ದು ಬಂದೆ.

ಇನ್ನು ಹೇಳುವುದು ನನಗೆ ಕಷ್ಟ. ನಾನೂ ಅವಳನ್ನು ಅನುಮಾನಿಸಿದೆ. ಆ ಏಳು ಇಪ್ಪತ್ತೈದು ನನ್ನ ಕೈಯದು ಎಂದು ಗೊತ್ತಿತ್ತು, ಆದರೆ ಗಡಿಯಾರ ಸರಿಸಿದರೆ ಪೆಟ್ಟಿಗೆ ಹೇಗೆ ಕಾಣೆಯಾಗುತ್ತದೆ? ಅವಳ ತೊಟ್ಟಿಲು ತೂಗಿದವನು ನಾನು. ಆದರೂ ತಪಾಸಣೆಯವರ ಪಟ್ಟಿಯಲ್ಲಿ ಸೋಮವಾರ, ಸೋಮವಾರ ಎಂದು ಸಾಲಾಗಿ ಇದ್ದದ್ದು ನನ್ನ ಕಣ್ಣಲ್ಲಿ ಕೂತುಬಿಟ್ಟಿತು. ಮನೆಯಲ್ಲಿ ಅವಳು ಫೋನು ಹಿಡಿದು ಹಿತ್ತಲಿಗೆ ಹೋದರೆ ಯಾರ ಜೊತೆ ಮಾತು ಎಂದು ಕಿವಿಗೊಟ್ಟೆ. ಹೊಸ ಚಪ್ಪಲಿ ಯಾವಾಗ ತಂದಳು ಎಂದು ಲೆಕ್ಕ ಹಾಕಿದೆ. ಒಂದು ಭಾನುವಾರ ಅವಳು ತಲೆಗೆ ನೀರು ಹಾಕಿಕೊಳ್ಳಲು ಹೋದಾಗ ಅವಳ ಚೀಲ ತೆಗೆದು ನೋಡಿದೆ. ಒಳಗೆ ರಬ್ಬರ್ ಹಾಕಿದ ಗೇಟ್‌ಪಾಸ್ ನಕಲುಗಳ ಕಟ್ಟು. ಎಲ್ಲ ಹಳೆಯ ಚೀಟಿಗಳು. ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಏನೇನೋ ಅಂಕಿ. ಆಫೀಸಿನ ಕಾಗದವನ್ನು ಕದ್ದು ಮನೆಗೆ ತಂದಿದ್ದಾಳೆ, ಸುಡಲಿಕ್ಕೆ ತಂದಿದ್ದಾಳೆ ಎಂದುಕೊಂಡೆ. ಅಂಕಿ ಏನೆಂದು ಓದುವ ತಾಳ್ಮೆ ನನಗಿರಲಿಲ್ಲ. ಇದ್ದಂತೆಯೇ ಒಳಗಿಟ್ಟೆ. ಅಂದು ಮಧ್ಯಾಹ್ನ ಅವಳು ಬಡಿಸಿದ ಮುದ್ದೆಯನ್ನು ಅರ್ಧಕ್ಕೇ ಬಿಟ್ಟೆ.

"ಯಾಕಣ್ಣ, ಸಾರು ಖಾರ ಆಯ್ತಾ?"

"ಇಲ್ಲ ಕಣೇ."

ಆ ಬುಧವಾರ ಹೆಡ್ಡಾಫೀಸಿನಿಂದ ಕಂಪ್ಯೂಟರು ನೋಡುವ ಮೇಡಂ ಒಬ್ಬರು ಬಂದರು. ಚಿಕ್ಕ ವಯಸ್ಸು. ತಪಾಸಣೆಯವರ ಹಾಗೆ ಮನುಷ್ಯರ ಮುಖ ನೋಡುವವರಲ್ಲ, ನೇರ ಮೇಜಿನ ಕೆಳಗೆ ಕೂತು ಕಪ್ಪು ಪೆಟ್ಟಿಗೆಗೆ ತಮ್ಮ ಲ್ಯಾಪ್‌ಟಾಪು ಸಿಕ್ಕಿಸಿದರು. ತುಂಬ ಹೊತ್ತಾದ ಮೇಲೆ ಪರದೆಯ ಗಂಟೆಯನ್ನೂ ತಮ್ಮ ಫೋನಿನ ಗಂಟೆಯನ್ನೂ ಹೋಲಿಸಿದರು. ಎರಡೂ ಒಂದೇ ಇದ್ದವು. ಆದರೂ ಅವರ ಹುಬ್ಬು ಸಡಿಲಾಗಲಿಲ್ಲ.

"ಈ ಗಡಿಯಾರ ಯಾರಾದ್ರೂ ಹಿಂದೆ ಮುಂದೆ ಮಾಡ್ತಾರಾ?" ಎಂದು ಕೇಳಿದರು.

"ಯಾಕೆ ಮೇಡಂ?" ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿತು.

ಅವರು ತಂಗಿಯ ಪೆನ್ಸಿಲ್ ತೆಗೆದುಕೊಂಡು ಒಂದು ಹಾಳೆಯ ಮೇಲೆ ಎರಡು ಗೆರೆ ಎಳೆದರು. ಮೇಲಿನದು ಬೆಂಗಳೂರಿನ ಸರ್ವರಿನ ಗಡಿಯಾರ, ಕೆಳಗಿನದು ನಮ್ಮದು. "ನಮ್ಮ ಸರ್ವರ್ ಏಳೂವರೆಗೆ ಬಂತು ಅಂದ್ಕೊಳ್ಳಿ. ತಗೊಂಡು ಹೋಗುವಾಗ ತನ್ನ ಗಡಿಯಾರ ನೋಡಿ ಏಳೂವರೆ ಅಂತ ಗುರುತು ಹಾಕ್ಕೊಳ್ಳುತ್ತೆ. ಎಂಟಕ್ಕೆ ಮತ್ತೆ ಬಂದಾಗ ಏನು ಕೇಳುತ್ತೆ? ಏಳೂವರೆ ಆದ್ಮೇಲೆ ಬರೆದದ್ದು ಮಾತ್ರ ಕೊಡು ಅನ್ನುತ್ತೆ. ಈಗ ನಿಮ್ಮ ಗಡಿಯಾರ ಹತ್ತು ನಿಮಿಷ ಹಿಂದಿದೆ ಅಂತ ಇಟ್ಕೊಳ್ಳಿ. ನಿಜವಾಗಿ ಏಳು ಮೂವತ್ತೈದಕ್ಕೆ ಹೋದ ಗಾಡಿ ಇಲ್ಲಿ ಏಳು ಇಪ್ಪತ್ತೈದು ಅಂತ ಬರೀತು. ಏಳೂವರೆಗೆ ನಮ್ಮದು ಬಂದಾಗ ಆ ಗಾಡಿ ಇನ್ನೂ ಹೋಗೇ ಇರ್ಲಿಲ್ಲ. ಎಂಟಕ್ಕೆ ಬಂದಾಗ, ಓ ಇದು ಏಳೂವರೆಗೆ ಮುಂಚಿನದು, ಹಿಂದಿನ ಸಲಾನೇ ತಗೊಂಡಿರ್ತೀನಿ ಅಂತ ದಾಟ್ಕೊಂಡು ಹೋಗುತ್ತೆ. ಆಮೇಲೆ ಎಷ್ಟು ಸಲ ಬಂದ್ರೂ ಅದನ್ನ ಮುಟ್ಟಲ್ಲ. ಯಂತ್ರ ಕೆಟ್ಟಿಲ್ಲ, ಎಲ್ಲೂ ತಪ್ಪು ಅಂತ ತೋರ್ಸೋದೂ ಇಲ್ಲ. ಸುಮ್ನೆ ಕಳೆದುಹೋಗುತ್ತೆ."

"ಹಂಗಾದ್ರೆ ಎಲ್ಲ ಗಾಡೀನೂ ಕಳೀಬೇಕಲ್ಲ?" ಎಂದರು ತಪಾಸಣೆಯವರು.

"ಇಲ್ಲ ಸಾರ್. ನಮ್ಮದು ಬಂದು ಹೋದ ಮೇಲಿನ ಹತ್ತು ನಿಮಿಷದೊಳಗೆ ಹೋದದ್ದು ಮಾತ್ರ. ಆಮೇಲಿಂದು ಇಲ್ಲೂ ಏಳೂವರೆ ದಾಟಿರುತ್ತೆ, ಸಿಕ್ಕಿಬಿಡುತ್ತೆ."

ನಾನು ಮನಸ್ಸಿನಲ್ಲೇ ಸೋಮವಾರಗಳ ಲೆಕ್ಕ ಹಾಕಿದೆ. ಮೊದಲ ಗಾಡಿ ಮೂವತ್ತೈದಕ್ಕೋ ಮೂವತ್ತೇಳಕ್ಕೋ. ಕೆಲವು ಸಲ ಎರಡನೆಯದು ನಲವತ್ತಕ್ಕೆ. ಮೂರನೆಯದು ಯಾವಾಗಲೂ ನಲವತ್ತೈದು ದಾಟಿದ ಮೇಲೆ, ಕೊನೆಯದು ಎಂಟರೊಳಗೆ. ಮೇಡಂ ಎಳೆದ ಗೆರೆಯ ಮೇಲೆ ನನ್ನ ಗಾಡಿಗಳು ಒಂದೊಂದಾಗಿ ನಿಂತವು.

"ಗಡಿಯಾರ ಬದಲಾಯಿಸಿದ್ರೆ ಯಂತ್ರ ಅದನ್ನೂ ಬರೆದಿಡುತ್ತೆ. ಆದ್ರೆ ಜಾಗ ತುಂಬಿದ ಹಾಗೆ ಹಳೇದನ್ನ ಅಳಿಸ್ತಾ ಹೋಗುತ್ತೆ. ಇತ್ತೀಚಿನ ದಿನಗಳದ್ದು ಮಾತ್ರ ಉಳಿದಿದೆ, ಅದರಲ್ಲಿ ಏನೂ ಇಲ್ಲ" ಎಂದು ಮೇಡಂ ನನ್ನ ಕಡೆ ತಿರುಗಿದರು. "ಬೆಳಗ್ಗೆ ಮೊದಲು ಬರೋದು ನೀವೇ ಅಲ್ವಾ? ಯಾರಾದ್ರೂ ಮುಟ್ಟಿದ್ದು ನೋಡಿದ್ದೀರಾ?"

"ಇಲ್ಲ ಮೇಡಂ. ನಂಗೆ ಅದೆಲ್ಲ ಗೊತ್ತಾಗಲ್ಲ. ಓದಿಲ್ಲ ನಾನು."

ಓದಿಲ್ಲ ಎಂಬುದನ್ನು ಅಷ್ಟು ವರ್ಷ ನಾಚಿಕೆಯಿಂದ ಮುಚ್ಚಿಟ್ಟುಕೊಂಡಿದ್ದೆ. ಅವತ್ತು ಅದನ್ನೇ ಕಂಬಳಿಯ ಹಾಗೆ ಹೊದ್ದುಕೊಂಡೆ. ತಂಗಿ ತಲೆಯೆತ್ತಿ ನನ್ನನ್ನು ನೋಡಿದಳು. ಬೈಯುವ ನೋಟವಾಗಿರಲಿಲ್ಲ. ಬಸ್ಸು ಬರುತ್ತದಾ ಎಂದು ರಸ್ತೆಯ ತಿರುವನ್ನು ನೋಡುವವರ ನೋಟ. ಆಮೇಲೆ ಪರದೆಯ ಕಡೆ ತಿರುಗಿದಳು.

"ಗಡಿಯಾರ ಸರಿಯಾಗೇ ಇದೆಯಲ್ಲ, ಮುಗೀತು" ಎಂದರು ತಪಾಸಣೆಯವರು. ಸಂಜೆ ಮ್ಯಾನೇಜರು ತಂಗಿಗೆ, ವಿಚಾರಣೆ ಮುಗಿಯುವ ತನಕ ಮನೆಯಲ್ಲಿರು, ಸೋಮವಾರ ಪೊಲೀಸಿಗೆ ಕೊಡುವುದೋ ಬಿಡುವುದೋ ತೀರ್ಮಾನ ಮಾಡುತ್ತಾರೆ ಎಂದರು.

ಗುರುವಾರ ನಾನು ಹೇಳಲಿಲ್ಲ. ಶುಕ್ರವಾರವೂ ಹೇಳಲಿಲ್ಲ. ನನ್ನ ಕೆಲಸ ಹೋದರೆ ಮಕ್ಕಳ ಗತಿಯೇನು ಎಂದು ಒಂದು ಮನಸ್ಸು. ಅವಳು ಓದಿದವಳು, ಬೇರೆ ಕಡೆ ಸಿಗುತ್ತದೆ ಎಂದು ಇನ್ನೊಂದು. ಕಳ್ಳಿ ಎಂಬ ಹೆಸರು ಹೊತ್ತವಳಿಗೆ ಯಾವ ಕಡೆ ಸಿಗುತ್ತದೆ ಎಂದು ಕೇಳಿಕೊಳ್ಳಲಿಲ್ಲ.

ಶನಿವಾರ ಕೆಲಸದಿಂದ ಬಂದಾಗ ಅವಳು ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಆ ಚೀಟಿಗಳ ಕಟ್ಟು ಬಹಿರಂಗವಾಗಿಯೇ ಇತ್ತು.

"ಚೀಲ ನೋಡಿದ್ಯಲ್ಲ ಅಣ್ಣ, ಹಿಂದುಗಡೆ ಬರೆದಿರೋದು ಓದ್ಲಿಲ್ವಾ?"

ನಾನು ಪಕ್ಕದಲ್ಲಿ ಕೂತೆ. ಅವಳು ಒಂದು ಚೀಟಿ ಎಳೆದು ನನ್ನ ಮಡಿಲಿಗೆ ಹಾಕಿದಳು. ಮುಂದೆ ಅಚ್ಚಾದದ್ದು ಏಳು ಇಪ್ಪತ್ತೈದು. ಹಿಂದೆ ಪೆನ್ಸಿಲ್ಲಿನಲ್ಲಿ ಏಳು ಮೂವತ್ತೇಳು. ನಾನು ಮೊದಲು ತಾನು ಮೊದಲು ಎಂದು ಡ್ರೈವರುಗಳು ಜಗಳವಾಡುತ್ತಾರೆಂದು, ಚೀಟಿ ಕೈಗೆ ಕೊಟ್ಟ ಹೊತ್ತನ್ನು ಅವಳು ತನ್ನ ಕೈಗಡಿಯಾರ ನೋಡಿ ನಕಲಿನ ಹಿಂದೆ ಬರೆದಿಡುತ್ತಿದ್ದಳಂತೆ. ತಪಾಸಣೆ ಶುರುವಾದ ಮೇಲೆ ಅವನ್ನು ಮನೆಗೆ ತಂದು ಹಿಂದೆ ಮುಂದೆ ಹೋಲಿಸಿದಳಂತೆ. ಮಂಗಳವಾರದಿಂದ ಶನಿವಾರದವರೆಗಿನ ಚೀಟಿಗಳಲ್ಲಿ ಎರಡೂ ಒಂದೇ. ಸೋಮವಾರದವುಗಳಲ್ಲೆಲ್ಲ ಹನ್ನೆರಡು ನಿಮಿಷ ಅಂತರ.

"ಹನ್ನೆರಡು ನಿಮಿಷ ಯಾಕೆ ಅಂತ ಯೋಚ್ನೆ ಮಾಡ್ದೆ. ಸೋಮವಾರ ಏಳೂವರೆ ಅಂದ್ರೆ ಅಮ್ಮನ ಮಕ್ಕಳಿಗೆ ಇನ್ನೇನ್ ಹೊಳೆಯುತ್ತೆ?" ಎಂದು ನಕ್ಕಳು. ಆ ನಗು ಬೇಗ ಆರಿತು. "ಮೇಡಂ ಬರೋಕೆ ಮುಂಚೇನೇ ಗೊತ್ತಿತ್ತು ನಂಗೆ, ನೀನೇ ಅಂತ. ಅದು ಪೆಟ್ಟಿಗೆ ಕಳೆದಿದ್ದಕ್ಕೆ ಹೆಂಗೆ ಸೇರ್ಕೊಳ್ಳುತ್ತೆ ಅನ್ನೋದು ಬುಧವಾರ ಗೊತ್ತಾಯ್ತು."

"ಮತ್ತೆ ಅಲ್ಲೇ ತೋರ್ಸ್‌ಬೋದಿತ್ತಲ್ಲ ಕಣೇ."

"ತೋರ್ಸಿದ್ರೆ ನಾನು ಹೇಳಿದಂಗೆ ಆಗ್ತಿತ್ತು. ನೀನಾಗೇ ಹೇಳ್ತೀಯ ಅಂತ ಕಾದೆ." ಸಿಪ್ಪೆಯನ್ನು ಮೊರದಾಚೆ ತಳ್ಳಿದಳು. "ಓದಿಲ್ಲ ನಾನು ಅಂದ್ಯಲ್ಲ, ಅದಕ್ಕೇ ನನ್ನ ಹೊಟ್ಟೆ ಉರೀತು. ಅವರೆಕಾಳಿನ ತೂಕಾನ ಕೈಯಲ್ಲೇ ಹೇಳೋನು, ಐದು ಗಾಡಿ ನಂಬರು ಬಾಯಲ್ಲಿ ಇಟ್ಕೊಂಡಿರೋನು ನೀನು!"

ಸೋಮವಾರ ಬೆಳಗ್ಗೆ ಆ ಕಟ್ಟನ್ನು ಹಿಡಿದು ಮ್ಯಾನೇಜರ ಮೇಜಿನ ಮುಂದೆ ನಿಂತೆ. ಏಳೂವರೆ ದಾಟಿತ್ತು, ರಾಹುಕಾಲದಲ್ಲೇ ಹೇಳಿದೆ. ತಪಾಸಣೆಯವರು, ತಂಗಿಯನ್ನು ಉಳಿಸಲು ಕತೆ ಕಟ್ಟುತ್ತಿದ್ದಾನೆ ಎಂದು ನನ್ನನ್ನೂ ಸಂಶಯದಿಂದಲೇ ನೋಡಿದರು. ಫೋನಿನಲ್ಲಿ ಮೇಡಂ ಮಾತ್ರ ಒಂದೇ ಪ್ರಶ್ನೆ ಕೇಳಿದರು: "ಎಷ್ಟು ನಿಮಿಷ?" ಹನ್ನೆರಡು ಎಂದೆ. ಅವರು ಪೆನ್ಸಿಲ್ಲಿನ ಸಮಯಗಳನ್ನು ಓದಿಸಿಕೊಂಡು ತಮ್ಮ ಪಟ್ಟಿಗೆ ಹೊಂದಿಸಿದರು. ಏಳೂವರೆಗೂ ಏಳು ನಲವತ್ತೆರಡಕ್ಕೂ ನಡುವೆ ಹೋದ ಗಾಡಿಗಳೆಲ್ಲ ಅಲ್ಲಿ ಕಾಣೆ, ಅದರಾಚೆ ಹೋದವು ಎಲ್ಲ ಇದ್ದವು. ಒಂದೂ ತಪ್ಪಲಿಲ್ಲ. ಮೂರು ತಿಂಗಳದ್ದನ್ನು ಮೊದಲಿನಿಂದ ಮತ್ತೆ ನಕಲು ಮಾಡಿಸಿದರು. ಸಂಜೆಯ ಹೊತ್ತಿಗೆ ಹೆಡ್ಡಾಫೀಸಿನ ಪಟ್ಟಿಯಲ್ಲೂ ಆ ಕಪಾಟು ಖಾಲಿಯಾಯಿತು. ಆಗಷ್ಟೇ ಅಂಗಡಿಗಳಿಗೆ ಫೋನು ಮಾಡಿ ಕೇಳಿದರು. ಪೆಟ್ಟಿಗೆಗಳು ಮುಟ್ಟಿದ್ದವು.

ತಪ್ಪು ತಮ್ಮ ಕಡೆಯೂ ಇದೆ ಎಂದರು ಮೇಡಂ. ಬರೆದವರ ಗಡಿಯಾರ ಒಂದು, ಕೇಳುವವರ ಗಡಿಯಾರ ಇನ್ನೊಂದು, ಎರಡನ್ನೂ ಒಂದೇ ಎಂದು ನಂಬಿ ಕೂತದ್ದು ತಪ್ಪಂತೆ. ಈಗ ಅವರ ಸರ್ವರ್ ಗಂಟೆ ಕೇಳುವುದಿಲ್ಲ. ಪ್ರತಿ ಚೀಟಿಗೂ ನಮ್ಮ ಕಪ್ಪು ಪೆಟ್ಟಿಗೆ ಒಂದೊಂದು ಕ್ರಮಸಂಖ್ಯೆ ಕೊಡುತ್ತದೆ, ಅದು ಹಿಂದಕ್ಕೆ ಹೋಗುವುದಿಲ್ಲ. ಕಳೆದ ಸಲದ ಕೊನೆಯ ಸಂಖ್ಯೆಯಾದ ಮೇಲಿನದನ್ನು ಕೊಡು ಎಂದು ಅವರ ಸರ್ವರ್ ಕೇಳುತ್ತದೆ. ಗಡಿಯಾರಕ್ಕೂ ಬೀಗ ಬಿತ್ತು, ಅಂಟಿಸಿದ ಚೀಟಿ ಕಿತ್ತರು. ನನ್ನನ್ನು ಬಾಗಿಲಿನಿಂದ ತೆಗೆದು ಹಿಂದಿನ ಇಳಿಸುವ ಕಟ್ಟೆಗೆ ಹಾಕಿದರು. ಅದಕ್ಕೆ ನನ್ನ ತಕರಾರಿಲ್ಲ.

ತಂಗಿ ಅದೇ ಕುರ್ಚಿಗೆ ವಾಪಸು ಬಂದಳು. ತಪಾಸಣೆಯವರು ಅವಳ ಹತ್ತಿರ ಕ್ಷಮೆ ಕೇಳಲಿಲ್ಲ. ಟೀ ಅಂಗಡಿಯವರೂ ಕೇಳಲಿಲ್ಲ. ನಾನು ಕೇಳಿದೆ. "ಆಯ್ತು ಬಿಡಣ್ಣ" ಎಂದಳು. ಆದರೆ ಈಗಲೂ ಮನೆಯಲ್ಲಿ ಗಂಟೆಯೆಷ್ಟು ಎಂದು ಕೇಳಿ, ನಾನು ಹೇಳಿದ ಮೇಲೆ ಒಂದು ಸಲ ತನ್ನ ಕೈಗಡಿಯಾರ ನೋಡಿಕೊಳ್ಳುತ್ತಾಳೆ. ಬೇಕೆಂದು ಮಾಡುವುದಲ್ಲ. ಕಣ್ಣು ತಾನಾಗಿ ಹೋಗುತ್ತದೆ.

ಡ್ರೈವರಿನ ರಾಹುಕಾಲಕ್ಕೆ ದಾರಿ ಹುಡುಕಿದ್ದೂ ಅವಳೇ. ಸೋಮವಾರ ಏಳೂಕಾಲಿಗೆ ಅವನ ಊಟದ ಡಬ್ಬಿಯನ್ನು ಇಸಿದುಕೊಂಡು ಗೇಟಿನಾಚೆ, ಹುಣಸೆಮರದ ಕೆಳಗಿನ ಕಲ್ಲಿನ ಮೇಲೆ ಇಟ್ಟು ಬರುತ್ತಾಳೆ. ಏಳು ಮೂವತ್ತೇಳರ ಚೀಟಿ ಹಿಡಿದು ಗಾಡಿ ಹೊರಡುತ್ತದೆ. ಗೇಟು ದಾಟಿದ ಮೇಲೆ ಅವನು ನಿಲ್ಲಿಸಿ, ಇಳಿದು, ಡಬ್ಬಿ ಎತ್ತಿಕೊಳ್ಳುತ್ತಾನೆ. ಹಿಂದಿನ ಕಟ್ಟೆಯಿಂದ ನನಗೆ ಕಾಣುವುದಿಲ್ಲ. ಗಾಡಿ ನಿಂತ ಸದ್ದು, ಬಾಗಿಲು ಹಾಕಿದ ಸದ್ದು, ಮತ್ತೆ ಹೊರಟ ಸದ್ದು ಮಾತ್ರ ಕೇಳುತ್ತದೆ. ಪೆಟ್ಟಿಗೆ ಹೊತ್ತಿದ್ದರೂ ಅಷ್ಟು ಹೊತ್ತು ನಿಲ್ಲುತ್ತೇನೆ.